ರಾತ್ರಿ ಡಕ್ಟ್‌ನಲ್ಲಿ ಸಪ್ಪಳ: ಅರೆಸ್ಟರ್ ಹಾಕಬೇಕೋ, ಪಿಆರ್‌ವಿ ಬದಲಿಸಬೇಕೋ?

ಬಹುಮಹಡಿ ಕಟ್ಟಡದ ಪೈಪು ಸಪ್ಪಳ ಮಾಡತೊಡಗಿದರೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ವಾಟರ್ ಹ್ಯಾಮರ್ ಐತ್ರಿ, ಅರೆಸ್ಟರ್ ಹಾಕ್ಸಿಬಿಡ್ರಿ." ನೀರಿನ ಏಟನ್ನು ಹೀರಿಕೊಳ್ಳುವ ಸಣ್ಣ ಸಾಧನವಾದ ಅರೆಸ್ಟರ್ ತಂದು ಹಾಕುತ್ತಾರೆ. ಎಷ್ಟೋ ಸಲ ಸಪ್ಪಳ ಹಾಗೇ ಉಳಿಯುತ್ತದೆ. ಯಾಕೆಂದರೆ ಸಪ್ಪಳ ಹುಟ್ಟುವ ಮುಖ್ಯ ಜಾಗ ಮೂರಿವೆ. ಹರಿಯುವ ನೀರು ತಟ್ಟನೆ ನಿಂತಾಗ ಪೈಪು ಬಡಿಯುತ್ತದೆ, ಇದೇ ವಾಟರ್ ಹ್ಯಾಮರ್. ಒತ್ತಡ ತಗ್ಗಿಸುವ ವಾಲ್ವ್, ಅಂದರೆ ಪಿಆರ್‌ವಿ, ನಡುಗಿದಾಗ ಗುರುಗುಟ್ಟುತ್ತದೆ. ಕೆಳಗಿನ ಪಂಪ್ ನಿಂತಾಗ ಅದರ ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್, ಬಡಿದುಕೊಳ್ಳುತ್ತದೆ. ಅರೆಸ್ಟರ್ ಉಪಯೋಗಕ್ಕೆ ಬರುವುದು ಮೊದಲನೆಯದಕ್ಕೆ ಮಾತ್ರ.

ಹುಬ್ಬಳ್ಳಿ-ಧಾರವಾಡದ ಅಪಾರ್ಟ್‌ಮೆಂಟುಗಳಲ್ಲಿ ನೀರಿನ ದಾರಿ ಹೆಚ್ಚು ಕಡಿಮೆ ಒಂದೇ ರೀತಿ ಇರುತ್ತದೆ. ಮಲಪ್ರಭಾ ನೀರು ಎಷ್ಟೋ ಬಡಾವಣೆಗಳಿಗೆ ಕೆಲವು ದಿನಗಳಿಗೊಮ್ಮೆ ಬರುತ್ತದೆ. ಅದನ್ನು ಸಂಪಿನಲ್ಲಿ ತುಂಬಿಸಿಕೊಳ್ಳಬೇಕು, ಸಾಲದಿದ್ದರೆ ಬೋರ್‌ವೆಲ್ ನೀರು ಸೇರಿಸಬೇಕು. ಅಲ್ಲಿಂದ ಪಂಪ್ ಮೂಲಕ ಮೇಲಿನ ಟ್ಯಾಂಕಿಗೆ, ಟ್ಯಾಂಕಿನಿಂದ ಡಕ್ಟ್‌ನಲ್ಲಿ ಇಳಿಯುವ ಪೈಪಿನ ಮೂಲಕ ಮನೆಮನೆಗೆ. ಈ ಇಳಿಯುವ ಪೈಪಿಗೆ ಡೌನ್‌ಟೇಕ್ ಎನ್ನುತ್ತಾರೆ. ಕೆಳಗಿನ ಮಹಡಿಗಳಲ್ಲಿ ಒತ್ತಡ ಜಾಸ್ತಿಯಾಗುತ್ತದೆ ಎಂದು ಇದರ ನಡುವೆಯೇ ಪಿಆರ್‌ವಿ ಕೂರಿಸುತ್ತಾರೆ. ಸಂಪಿಗೆ ಬರುವ ನೀರಿನ ಜೊತೆ ಹೂಳು, ಬೋರ್ ನೀರಿನ ಜೊತೆ ಸುಣ್ಣ. ಇವೆರಡೂ ಕೊನೆಗೆ ಬಂದು ಕೂರುವುದು ಪಿಆರ್‌ವಿ ಒಳಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿ ನಾನು ಗೋಕುಲ ರಸ್ತೆ ಕಡೆಯ ಒಂದು ಕಟ್ಟಡದ ಲೆಕ್ಕವನ್ನೇ ಹಿಡಿದು ಹೇಳುತ್ತೇನೆ. ಕೆಳಗೆ ಪಾರ್ಕಿಂಗ್, ಮೇಲೆ 12 ಮಹಡಿ, ಪ್ರತಿ ಮಹಡಿಯ ಎತ್ತರ 3 ಮೀಟರ್. ಟ್ಯಾಂಕಿನ ನೀರಿನ ಮಟ್ಟ ತಾರಸಿಯಿಂದ ಸುಮಾರು 4 ಮೀಟರ್ ಮೇಲೆ. ಹತ್ತು ಮೀಟರ್ ನೀರಿನ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ಹಾಗಾಗಿ ಒಂದನೇ ಮಹಡಿಯ ನಳದಲ್ಲಿ, ಪಿಆರ್‌ವಿ ಇಲ್ಲದಿದ್ದರೆ, ಸುಮಾರು 3.9 ಬಾರ್ ಇರುತ್ತದೆ. ಆರನೇ ಮಹಡಿಯಲ್ಲಿ 2.4 ಬಾರ್. ಇಲ್ಲಿ ಆರನೇ ಮಹಡಿಯ ಡಕ್ಟ್‌ನಲ್ಲಿ 50 ಮಿ.ಮೀ. ಪಿಆರ್‌ವಿ ಇತ್ತು. ಅದು ಕೆಳಗಿನ ಆರು ಮನೆಗಳಿಗೆ ನೀರು ಕೊಡುತ್ತಿತ್ತು. ಅದನ್ನು 1.5 ಬಾರ್‌ಗೆ ಇಟ್ಟಿದ್ದರು. ಅಂದರೆ ಆರನೇ ಮಹಡಿಯಲ್ಲಿ 1.5, ಅಲ್ಲಿಂದ 15 ಮೀಟರ್ ಕೆಳಗಿನ ಒಂದನೇ ಮಹಡಿಯಲ್ಲಿ 3.0 ಬಾರ್ ಇರಬೇಕು.

ನಿಮ್ಮ ಕಟ್ಟಡಕ್ಕೂ ಮೊದಲು ಈ ಎರಡು ಅಂಕಿ ಬರೆದುಕೊಳ್ಳಿ: ಟ್ಯಾಂಕಿನ ಎತ್ತರದಿಂದ ಬರುವ ಒತ್ತಡ ಎಷ್ಟು, ಪಿಆರ್‌ವಿ ಸರಿಯಿದ್ದರೆ ಇರಬೇಕಾದ ಒತ್ತಡ ಎಷ್ಟು. ಇನ್ನು ಬೇಕಾದದ್ದು ವಾಷಿಂಗ್ ಮೆಷಿನ್ ನಳಕ್ಕೆ ತಿರುಗಿಸಿ ಕೂರಿಸಬಹುದಾದ ಒಂದು ಪ್ರೆಶರ್ ಗೇಜ್. ಅದರಲ್ಲಿ ಅತಿ ಹೆಚ್ಚು ಒತ್ತಡ ಮುಟ್ಟಿದ ಕಡೆಗೇ ನಿಲ್ಲುವ ಎರಡನೇ ಮುಳ್ಳು ಇದ್ದರೆ ಒಳ್ಳೆಯದು. ಪಂಪು, ವಾಲ್ವ್ ಮಾರುವ ಅಂಗಡಿಗಳಲ್ಲಿ ವಿಚಾರಿಸಿ. ಗೇಜ್ ಇಲ್ಲದೆ ಯಾವ ವಾಲ್ವ್ ಕೊಂಡರೂ ಅದು ಊಹೆಯೇ.

ಒಂದೇ ನಳದಲ್ಲಿ, ಅಥವಾ ಬಿಸಿನೀರಿನ ಪೈಪಿನಲ್ಲಿ ಮಾತ್ರ ಸಪ್ಪಳ

ಖರ್ಚಿಲ್ಲದ ಪರೀಕ್ಷೆ ಇದು. ಒಂದು ನಳ ಬಿಟ್ಟಾಗ ಮಾತ್ರ "ಬುರ್ರ್" ಎನ್ನುತ್ತಿದ್ದು, ಪಕ್ಕದ ನಳ ಬಿಟ್ಟಾಗ ಇಲ್ಲವೆಂದರೆ, ಆ ನಳದ ವಾಷರ್ ಸಡಿಲಾಗಿದೆ. ಬದಲಿಸಿ, ಮುಗಿಯಿತು. ಗೀಸರ್ ನೀರು ಹರಿಯತೊಡಗಿದ ಮೇಲೆ "ಟಿಕ್ ಟಿಕ್" ಎಂದು ಬಂದರೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಬಿಸಿಗೆ ಉದ್ದವಾಗಿ ಕ್ಲಾಂಪಿಗೆ ಉಜ್ಜುತ್ತಿದೆ. ಕ್ಲಾಂಪ್ ಸ್ವಲ್ಪ ಸಡಿಲ ಮಾಡಿ. ಪೈಪು ಕದಲದಂತೆ ಹಿಡಿಯಬೇಕು, ಉದ್ದವಾಗಲು ಮಾತ್ರ ಅವಕಾಶ ಬಿಡಬೇಕು.

ವಾಷಿಂಗ್ ಮೆಷಿನ್ ನೀರು ನಿಲ್ಲಿಸಿದಾಗ ಒಂದೇ ಸಲ "ಧಡ್"

ಇದು ನಿಜವಾದ ವಾಟರ್ ಹ್ಯಾಮರ್. ಗುರುತು ಸುಲಭ. ಸಪ್ಪಳ ಬರುವುದು ನೀರು ನಿಂತ ಕ್ಷಣದಲ್ಲಿ, ಹರಿಯುವಾಗ ಅಲ್ಲ. ಕೈಯಿಂದ ನಿಧಾನ ಬಂದ್ ಮಾಡುವ ನಳಕ್ಕೆ ಬರುವುದಿಲ್ಲ. ಮೆಷಿನ್, ಡಿಶ್‌ವಾಷರ್, ಆರ್‌ಒ ಯಂತ್ರ, ಒಂದೇ ಏಟಿಗೆ ಬಂದ್ ಆಗುವ ಹಿಡಿಕೆಯ ನಳ, ಗೋಡೆಯೊಳಗಿನ ಫ್ಲಶ್ ವಾಲ್ವ್ ಇವುಗಳಿಗೆ ಬರುತ್ತದೆ.

ಮೊದಲ ಪರೀಕ್ಷೆ: ಮೆಷಿನ್‌ಗೆ ಹೋಗುವ ನಳವನ್ನು ಅರ್ಧ ಮಾತ್ರ ಬಿಡಿ. ಏಟು ಗಮನಾರ್ಹವಾಗಿ ತಗ್ಗಿದರೆ ದೋಷ ನೀರಿನ ವೇಗದ್ದು. ಎರಡನೆಯದು: ಪೈಪಿನ ಕ್ಲಾಂಪ್ ನೋಡಿ. ಅಡ್ಡ ಹೋಗುವ ಸಣ್ಣ ಸಿಪಿವಿಸಿ ಪೈಪಿಗೆ ಸುಮಾರು ಮೀಟರಿಗೊಂದು ಕ್ಲಾಂಪ್ ಇರಬೇಕು. ಇಲ್ಲದಿದ್ದರೆ ಸಣ್ಣ ಏಟಿಗೂ ಪೈಪು ಗೋಡೆಗೆ ಬಡಿಯುತ್ತದೆ. ಆದರೆ ಕ್ಲಾಂಪ್ ಬಿಗಿ ಮಾಡಿದ ಮೇಲೆ ಸಪ್ಪಳ ನಿಂತಿತು ಎಂದು ಸುಮ್ನೆ ಕೂರಬೇಡಿ. ಸಪ್ಪಳ ಹೋಗಿದೆ, ಒಳಗಿನ ಏಟು ಹೋಗಿಲ್ಲ.

ಆ ಏಟು ಎಷ್ಟು ಎಂಬುದನ್ನು ಲೆಕ್ಕ ಹಾಕಬಹುದು. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೋಗುತ್ತಿರುವ ನೀರು ತಟ್ಟನೆ ನಿಂತರೆ, ಸಿಪಿವಿಸಿ ಪೈಪಿನಲ್ಲಿ ಸುಮಾರು 4ರಿಂದ 5 ಬಾರ್ ಒತ್ತಡ ಹೆಚ್ಚುತ್ತದೆ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು ಅಷ್ಟಾಗಿ ಹಿಗ್ಗುವುದಿಲ್ಲ, ಹಾಗಾಗಿ ಅಲ್ಲಿ 12 ಬಾರ್ ಮೀರುತ್ತದೆ. ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಮೆಷಿನ್ ನಿಮಿಷಕ್ಕೆ 10 ಲೀಟರ್ ಎಳೆಯುತ್ತಿತ್ತು. ಪೈಪು ಅರ್ಧ ಇಂಚಿನ ಸಿಪಿವಿಸಿ, ಅದರ ಒಳ ಅಳತೆ ಸುಮಾರು 12.4 ಮಿ.ಮೀ. ವೇಗ 1.4 ಮೀಟರ್ ಬರುತ್ತದೆ. ಏಟು ಸುಮಾರು 6 ಬಾರ್. ಪೈಪಿನಲ್ಲಿ ಮೊದಲೇ ಇರುವ ಒತ್ತಡದ ಮೇಲೆ ಇದು ಸೇರುತ್ತದೆ. ಅದೇ ಪೈಪು ಮುಕ್ಕಾಲು ಇಂಚಿನದಾಗಿದ್ದರೆ ವೇಗ ಅರ್ಧಕ್ಕಿಂತ ಕಡಿಮೆ, ಏಟು 3 ಬಾರ್ ಒಳಗೆ. ಬಾತ್‌ರೂಮ್ ಒಡೆದು ಹೊಸದಾಗಿ ಮಾಡಿಸುವವರು ಇದನ್ನು ಮರೆಯಬಾರದು.

ಗೇಜ್ ಮುಳ್ಳು ಈ ಏಟಿನ ತುದಿಯನ್ನು ಪೂರ್ತಿ ತೋರಿಸುವುದಿಲ್ಲ. ಏಟು ಬಂದು ಹೋಗುವುದು ಕಣ್ಣು ಮಿಟುಕಿಸುವುದರೊಳಗೆ, ಮುಳ್ಳು ಅಷ್ಟು ಬೇಗ ಏರುವುದಿಲ್ಲ. ಅದು 7 ತೋರಿಸಿದರೆ ನಿಜದ ಒತ್ತಡ ಇನ್ನೂ ಹೆಚ್ಚು ಎಂದೇ ತಿಳಿಯಿರಿ.

ಕೆಲವು ಕಡೆ ಪ್ಲಂಬರ್‌ಗಳು ಅರೆಸ್ಟರ್ ಬದಲು ಒಂದೆರಡು ಅಡಿ ಪೈಪನ್ನು ನೆಟ್ಟಗೆ ನಿಲ್ಲಿಸಿ ಮೇಲೆ ಕ್ಯಾಪ್ ಹಾಕಿಬಿಟ್ಟಿರುತ್ತಾರೆ. ಒಳಗಿನ ಗಾಳಿ ಏಟು ತಡೆಯಲಿ ಎಂದು. ಆದರೆ ಗಾಳಿ ಮೆಲ್ಲಗೆ ನೀರಿನಲ್ಲಿ ಕರಗಿಹೋಗುತ್ತದೆ. ಟ್ಯಾಂಕ್ ತೊಳೆದು ಲೈನ್ ಖಾಲಿ ಮಾಡಿದ ಮೇಲೆ ಕೆಲವು ದಿನ ಸಪ್ಪಳವಿಲ್ಲ, ಆಮೇಲೆ ಮತ್ತೆ ಶುರು ಅಂದರೆ, ನಿಮ್ಮಲ್ಲಿ ಇಂಥದ್ದೊಂದು ಪೈಪು ಇದೆ ಎಂದು ಅರ್ಥ. ಪಿಸ್ಟನ್ ಇರುವ ಅರೆಸ್ಟರ್‌ನಲ್ಲಿ ಗಾಳಿ ಮತ್ತು ನೀರಿನ ನಡುವೆ ಸೀಲ್ ಇರುತ್ತದೆ, ಹಾಗಾಗಿ ಅದಕ್ಕೆ ಈ ತೊಂದರೆ ಇಲ್ಲ.

ಒಂದು ನಳ ಸಣ್ಣಗೆ ಬಿಟ್ಟಾಗ ಡಕ್ಟ್‌ನಲ್ಲಿ "ಗರ್ರ್", ಹೆಚ್ಚಾಗಿ ರಾತ್ರಿ

ಇದನ್ನೇ ಜನ ಹ್ಯಾಮರ್ ಎಂದು ತಪ್ಪು ತಿಳಿಯುವುದು. ಇಲ್ಲಿ ಸಪ್ಪಳ ನೀರು ಹರಿಯುವಾಗಲೇ ಬರುತ್ತದೆ, ಒಂದೇ ಸಮನೆ ಬರುತ್ತದೆ. ರಾತ್ರಿ ಯಾರೋ ಒಬ್ಬರು ನಳ ಬಿಟ್ಟರೆ ಮೂರು ಮಹಡಿಗೆ ಕೇಳಿಸುತ್ತದೆ. ಬೆಳಗ್ಗೆ ಏಳು ಗಂಟೆಗೆ ಎಲ್ಲರೂ ನೀರು ಬಳಸುವಾಗ ಇರುವುದೇ ಇಲ್ಲ.

ಪರೀಕ್ಷೆಗೆ ಇಬ್ಬರು ಸಾಕು. ಸಪ್ಪಳ ಬರುತ್ತಿರುವಾಗ ಕೆಳಗಿನ ಇನ್ನೊಂದು ಮನೆಯಲ್ಲಿ ಎರಡು ನಳ ಪೂರ್ತಿ ಬಿಡಿಸಿ. ತಕ್ಷಣ ನಿಂತರೆ ಅದು ಪಿಆರ್‌ವಿಯದ್ದೇ. ಡಕ್ಟ್‌ಗೆ ಸುರಕ್ಷಿತವಾಗಿ ಕೈ ಎಟುಕುವಂತಿದ್ದರೆ ವಾಲ್ವ್ ಮೈ ಮುಟ್ಟಿ ನೋಡಿ, ನಡುಕ ಗೊತ್ತಾಗುತ್ತದೆ.

ಕಾರಣ ಇಷ್ಟು. ಪಿಆರ್‌ವಿ ಒಳಗೆ ಸ್ಪ್ರಿಂಗ್, ಡಯಾಫ್ರಮ್, ಮತ್ತು ಸೀಟಿನ ಮೇಲೆ ಕೂರುವ ಒಂದು ಮುಚ್ಚಳ ಇರುತ್ತದೆ. ಹರಿವು ತೀರಾ ಕಡಿಮೆಯಾದಾಗ ದೊಡ್ಡ ವಾಲ್ವ್‌ನ ಮುಚ್ಚಳ ಕೂದಲೆಳೆಯಷ್ಟೇ ತೆರೆದಿರಬೇಕಾಗುತ್ತದೆ. ಅಷ್ಟು ಸಣ್ಣ ಸಂದಿಯಲ್ಲಿ ಅದು ನೆಟ್ಟಗೆ ನಿಲ್ಲುವುದಿಲ್ಲ. ಮುಚ್ಚುತ್ತದೆ, ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಅದೇ ಗುರುಗುಟ್ಟುವಿಕೆ. ಹೀಗೇ ನಡೆದರೆ ಸೀಟು ಸವೆಯುತ್ತದೆ, ಮುಂದಿನ ದೋಷಕ್ಕೆ ದಾರಿಯಾಗುತ್ತದೆ. ನಮ್ಮ ಕಟ್ಟಡದಲ್ಲಿ ಪೈಪು 50 ಮಿ.ಮೀ. ಇತ್ತೆಂದು ವಾಲ್ವ್ ಕೂಡ 50 ಮಿ.ಮೀ. ತಂದಿದ್ದರು. ರಾತ್ರಿ ಒಂದು ನಳದ ಹರಿವು ನಿಮಿಷಕ್ಕೆ 8 ಲೀಟರ್ ಅಂದರೆ, ಅಷ್ಟು ದೊಡ್ಡ ವಾಲ್ವ್ ಒಳಗೆ ನೀರು ಸೆಕೆಂಡಿಗೆ 7 ಸೆಂಟಿಮೀಟರ್ ಕೂಡ ಚಲಿಸುವುದಿಲ್ಲ.

ಇದಕ್ಕೆ ಅರೆಸ್ಟರ್ ಹಾಕಿದರೆ ದುಡ್ಡು ದಂಡ. ಸ್ಕ್ರೂ ತಿರುಗಿಸಿ ಒತ್ತಡ ಹೆಚ್ಚು ಕಡಿಮೆ ಮಾಡಿದರೂ ಹೋಗುವುದಿಲ್ಲ. ವಾಲ್ವ್ ಅಳತೆಯನ್ನೇ ಸರಿ ಮಾಡಬೇಕು. ಅದನ್ನು ಕೆಳಗೆ ಹೇಳಿದ್ದೇನೆ.

ಬೆಳಗ್ಗೆ ಮೊದಲ ನಳ ಬಿಟ್ಟಾಗ ನೀರು ಚಿಮ್ಮುತ್ತದೆ, ಹೆಲ್ತ್ ಫಾಸೆಟ್ ಪೈಪು ಒಡೆಯುತ್ತದೆ

ಹಗಲು ಎಲ್ಲಾ ಸರಿ. ರಾತ್ರಿ ಯಾರೂ ನೀರು ಬಳಸದಿದ್ದಾಗ ಒತ್ತಡ ಮೆಲ್ಲಗೆ ಏರುತ್ತದೆ. ಬೆಳಗ್ಗೆ ಮೊದಲು ಬಿಟ್ಟ ನಳದಿಂದ ಒಂದು ಕ್ಷಣ ಜೋರಾಗಿ ಚಿಮ್ಮಿ ಆಮೇಲೆ ಸಾಮಾನ್ಯವಾಗುತ್ತದೆ.

ಪಿಆರ್‌ವಿ ಬಿಚ್ಚುವ ಮೊದಲು ಬೈಪಾಸ್ ವಾಲ್ವ್ ನೋಡಿ. ಪಿಆರ್‌ವಿ ಪಕ್ಕದಲ್ಲಿ ರಿಪೇರಿ ಸಮಯಕ್ಕೆ ಎಂದು ಒಂದು ಬೈಪಾಸ್ ಪೈಪು ಇರುತ್ತದೆ. ಯಾರೋ "ನೀರು ಸಣ್ಣಗೆ ಬರಾಕತ್ತೈತಿ" ಎಂದು ದೂರಿದಾಗ ಅದನ್ನು ಸ್ವಲ್ಪ ತೆರೆದಿರುತ್ತಾರೆ, ಮತ್ತೆ ಮುಚ್ಚುವುದು ಮರೆತಿರುತ್ತಾರೆ. ಅದು ಎಳೆಯಷ್ಟು ತೆರೆದಿದ್ದರೂ ರಾತ್ರಿಯಿಡೀ ಟ್ಯಾಂಕಿನ ಪೂರ್ತಿ ಒತ್ತಡ ಕೆಳಗೆ ಇಳಿಯುತ್ತದೆ. ಬಹಳ ಕಡೆ ದೋಷ ಇದೇ.

ಬೈಪಾಸ್ ಬಿಗಿಯಾಗಿದ್ದರೆ, ಒಂದನೇ ಮಹಡಿಯ ನಳಕ್ಕೆ ಗೇಜ್ ಹಾಕಿ ರಾತ್ರಿಯಿಡೀ ಬಿಡಿ. ಇಲ್ಲಿ ಒಂದು ಸರಳ ಸೂತ್ರ ಇದೆ. ಪಿಆರ್‌ವಿ ಎಷ್ಟೇ ಸೋರಿದರೂ ಟ್ಯಾಂಕಿನ ಎತ್ತರದ ಒತ್ತಡವನ್ನು ಮೀರಿಸಲಾರದು. ನಮ್ಮ ಲೆಕ್ಕದಲ್ಲಿ 3.0 ಇರಬೇಕಾದದ್ದು 3.2 ಆಗಿ ನಿಂತರೆ ದೋಷವಲ್ಲ, ಹರಿವು ಪೂರ್ತಿ ನಿಂತಾಗ ಪಿಆರ್‌ವಿ ಒತ್ತಡ ಸ್ವಲ್ಪ ಏರುವುದು ಸಹಜ. 3.9ರ ತನಕ ಏರಿ ಅಲ್ಲೇ ನಿಂತರೆ ಸೀಟು ಸೋರುತ್ತಿದೆ. 3.9 ಮೀರಿ 5, 6 ಎಂದು ಹೋದರೆ ಅದು ಪಿಆರ್‌ವಿ ಕೆಲಸವಲ್ಲ. ಗೀಸರ್ ಬಿಸಿಯಾಗಿ ನೀರು ಹಿಗ್ಗುತ್ತಿದೆ. ಪಿಆರ್‌ವಿ ಇಲ್ಲದಿದ್ದರೆ ಹಿಗ್ಗಿದ ನೀರು ಮೇಲಿನ ಟ್ಯಾಂಕಿಗೆ ಹಿಂದೆ ಹೋಗುತ್ತಿತ್ತು. ಈಗ ಆ ದಾರಿ ಮುಚ್ಚಿದೆ. ಆಗ ಗೀಸರ್‌ನ ಒಳಹರಿವಿನ ಸೇಫ್ಟಿ ವಾಲ್ವ್ ಬದಲಿಸಬೇಕು, ಅದರೊಳಗಿನ ಎನ್‌ಆರ್‌ವಿ ಕೆಟ್ಟಿರುತ್ತದೆ. ಗೀಸರ್ ಕಾಯುವಾಗ ಆ ಸೇಫ್ಟಿ ವಾಲ್ವ್ ಹನಿ ಬಿಡುವುದು ಅದರ ಕೆಲಸ. ಹನಿ ಬೀಳುತ್ತದೆ ಎಂದು ಅದಕ್ಕೆ ಯಾವತ್ತೂ ಪ್ಲಗ್ ಹಾಕಬೇಡಿ. ಗೀಸರ್ ಸಿಡಿಯಬಹುದು.

ಸೀಟು ಸೋರುತ್ತಿದೆ ಎಂದು ಗೊತ್ತಾದ ಮೇಲೂ ತಕ್ಷಣ ಹೊಸದು ಕೊಳ್ಳಬೇಡಿ. ಕೆಳಗಿನ ಮನೆಗಳಲ್ಲಿ ಮೂರ್ನಾಲ್ಕು ನಳ ಒಟ್ಟಿಗೆ ಪೂರ್ತಿ ಬಿಡಿಸಿ, ಸ್ವಲ್ಪ ಹೊತ್ತು ಜೋರಾಗಿ ಹರಿಯಲಿ. ಸೀಟಿನಲ್ಲಿ ಸಿಕ್ಕ ಮರಳಿನ ಕಣ ಹೊರಟು ಹೋಗಬಹುದು. ಹೋಗದಿದ್ದರೆ ಬಿಚ್ಚಿ ಸ್ವಚ್ಛ ಮಾಡಿಸಿ, ಸೀಟು ಮತ್ತು ಡಯಾಫ್ರಮ್ ಕಿಟ್ ಬದಲಿಸಿ. ಸೀಟಿನ ಅಂಚಿನಲ್ಲಿ ಗೆರೆ ಬಿದ್ದಿದ್ದರೆ ಮಾತ್ರ ವಾಲ್ವ್ ಬದಲಿಸಿ. ಅಲ್ಲಿಯ ತನಕ ರಾತ್ರಿ ಹೆಲ್ತ್ ಫಾಸೆಟ್‌ನ ಆಂಗಲ್ ಕಾಕ್ ಬಂದ್ ಮಾಡಿ ಮಲಗಿ.

ಎರಡು ನಳ ಬಿಟ್ಟರೆ ನೀರು ಸಣ್ಣಗಾಗುತ್ತದೆ

ನಳ ಬಂದ್ ಇದ್ದಾಗ ಗೇಜ್ ಸರಿ ತೋರಿಸುತ್ತದೆ, ಬಿಟ್ಟ ಕೂಡಲೇ ಮುಳ್ಳು ಕುಸಿಯುತ್ತದೆ. ಸ್ವಲ್ಪ ಇಳಿಯುವುದು ಸಹಜ, ಅರ್ಧಕ್ಕಿಳಿದರೆ ಅಲ್ಲ. ಪಿಆರ್‌ವಿ ಮುಂದಿನ ಸ್ಟ್ರೇನರ್, ಅಂದರೆ ಕಸ ತಡೆಯುವ ಜಾಲರಿ, ಬಿಚ್ಚಿ ನೋಡಿ. ಸಂಪಿಗೆ ಕೆಸರು ನೀರು ಬಂದ ವಾರ ಈ ದೂರು ಜಾಸ್ತಿ. ಜಾಲರಿಗೆ ಸುಣ್ಣ ಹಿಡಿದಿದ್ದರೆ ವಿನೆಗರ್‌ನಲ್ಲಿ ನೆನೆಸಿ ಬ್ರಶ್ ಮಾಡಿ. ಸ್ಟ್ರೇನರ್ ಸ್ವಚ್ಛವಿದ್ದೂ ಕುಸಿದರೆ ಮಾತ್ರ ಪಿಆರ್‌ವಿ ಸಣ್ಣದಾಗಿದೆಯೇ ಎಂದು ಯೋಚಿಸಿ. ಸ್ಕ್ರೂ ಬಿಗಿ ಮಾಡಿ ಒತ್ತಡ ಏರಿಸಬೇಡಿ. ರಾತ್ರಿ ಅದೇ ಒತ್ತಡ ಒಂದನೇ ಮಹಡಿಯವರ ಪೈಪಿನ ಮೇಲೆ ಬೀಳುತ್ತದೆ.

ಪಂಪ್ ನಿಂತಾಗ ಅಥವಾ ಕರೆಂಟ್ ಹೋದಾಗ ಕೆಳಗಿನಿಂದ "ಢಂ"

ಇದು ಮನೆಗಳ ಲೈನ್ ಅಲ್ಲ, ಸಂಪಿನಿಂದ ಟ್ಯಾಂಕಿಗೆ ಏರುವ ಪೈಪು. ಪಂಪ್ ನಿಂತ ಮೇಲೆ ಅಷ್ಟೆತ್ತರದ ನೀರು ಹಿಂದಕ್ಕೆ ಬರತೊಡಗುತ್ತದೆ, ಆಮೇಲೆ ಎನ್‌ಆರ್‌ವಿ ಬಾಗಿಲು ಬಡಿದು ಮುಚ್ಚಿಕೊಳ್ಳುತ್ತದೆ. ನೀರು ಹಿಂತಿರುಗುವ ಮುಂಚೆಯೇ ಮುಚ್ಚುವ ಸ್ಪ್ರಿಂಗ್ ಇರುವ ಎನ್‌ಆರ್‌ವಿ ಹಾಕಬೇಕು. ಮನೆಯೊಳಗೆ ಹಾಕುವ ಸಣ್ಣ ಅರೆಸ್ಟರ್ ಇಲ್ಲಿ ಏನೂ ಮಾಡದು.

ಆಯ್ಕೆ: ಮೊದಲು ಪಿಆರ್‌ವಿ, ಆಮೇಲೆ ಅರೆಸ್ಟರ್

ಪಿಆರ್‌ವಿಯನ್ನು ಪೈಪಿನ ಅಳತೆಗೆ ಆರಿಸಬಾರದು, ಹರಿವಿಗೆ ಆರಿಸಬೇಕು. ನಮ್ಮ ಕಟ್ಟಡದಲ್ಲಿ ಆರು ಮನೆ, ಪ್ರತಿ ಮನೆಗೆ ಎರಡು ಬಾತ್‌ರೂಮ್, ಒಂದು ಅಡುಗೆಮನೆ, ಒಂದು ಮೆಷಿನ್. ಎಲ್ಲಾ ನಳ ಒಟ್ಟಿಗೆ ಬಿಡುವುದಿಲ್ಲ, ಅಲ್ವಾ? ಅದನ್ನು ಲೆಕ್ಕ ಹಾಕಲು, ನಳ, ಮೆಷಿನ್ ಹೀಗೆ ಪ್ರತಿಯೊಂದಕ್ಕೂ ಒಂದು ಅಂಕಿ ಕೊಟ್ಟು ಕೂಡುವ ಫಿಕ್ಸ್ಚರ್ ಯುನಿಟ್ ಪದ್ಧತಿ ಇದೆ. ಅದರಂತೆ ಗರಿಷ್ಠ ಹರಿವು ನಿಮಿಷಕ್ಕೆ ಸುಮಾರು 130 ಲೀಟರ್ ಬಂತು. ರಾತ್ರಿಯ ಹರಿವು 8 ಲೀಟರ್. ಇಷ್ಟು ಅಂತರವನ್ನು ಒಂದೇ ವಾಲ್ವ್ ಸದ್ದಿಲ್ಲದೆ ನಿಭಾಯಿಸುವುದು ಕಷ್ಟ.

ಹಾಗಾಗಿ 20 ಮಿ.ಮೀ. ಮತ್ತು 32 ಮಿ.ಮೀ. ಪಿಆರ್‌ವಿಗಳನ್ನು ಅಕ್ಕಪಕ್ಕ ಸಮಾನಾಂತರವಾಗಿ ಹಾಕಿದೆವು. ಸೆಕೆಂಡಿಗೆ 2 ಮೀಟರ್ ವೇಗಕ್ಕೆ ಚಿಕ್ಕದು ಸುಮಾರು 38 ಲೀಟರ್, ದೊಡ್ಡದು ಸುಮಾರು 96 ಲೀಟರ್ ಕೊಡುತ್ತದೆ. ಎರಡೂ ಸೇರಿ 134. ಚಿಕ್ಕದನ್ನು 1.7 ಬಾರ್‌ಗೆ, ದೊಡ್ಡದನ್ನು 1.5ಕ್ಕೆ ಇಡಬೇಕು. ರಾತ್ರಿ ಒತ್ತಡ 1.5ರ ಮೇಲೆಯೇ ಇರುವುದರಿಂದ ದೊಡ್ಡದು ಮುಚ್ಚಿಯೇ ಇರುತ್ತದೆ, ಚಿಕ್ಕದೊಂದೇ ನೀರು ಕೊಡುತ್ತದೆ. ಬೆಳಗ್ಗೆ ಬಳಕೆ ಹೆಚ್ಚಿ ಒತ್ತಡ ಇಳಿದಾಗ ದೊಡ್ಡದು ತಾನಾಗಿ ತೆರೆಯುತ್ತದೆ. ಎರಡನ್ನೂ ಒಂದೇ ಅಂಕಿಗೆ ಇಟ್ಟರೆ ಈ ವ್ಯವಸ್ಥೆಗೆ ಅರ್ಥವೇ ಇಲ್ಲ. ಪ್ರತಿ ವಾಲ್ವ್‌ಗೂ ಮುಂದೊಂದು ಸ್ಟ್ರೇನರ್, ಎರಡೂ ಕಡೆ ಬಂದ್ ಮಾಡುವ ವಾಲ್ವ್, ಹಿಂದೆ ಮುಂದೆ ಗೇಜ್ ಕೂರಿಸಲು ಜಾಗ ಬೇಕು. ಇನ್ನೊಂದು ಮಿತಿ: ಒಳಗೆ ಬರುವ ಒತ್ತಡ ಹೊರಗಿನದರ ಮೂರು ಪಟ್ಟು ಮೀರಿದರೆ ಒಂದೇ ವಾಲ್ವ್‌ನಲ್ಲಿ ತಗ್ಗಿಸಬೇಡಿ, ಸೀಟು ಬೇಗ ಕೊರೆದುಹೋಗುತ್ತದೆ. ಇಲ್ಲಿ 2.4ರಿಂದ 1.5, ಏನೂ ತೊಂದರೆಯಿಲ್ಲ.

ಈಗ ಅರೆಸ್ಟರ್. ಪಿಆರ್‌ವಿ ಸರಿಯಾದರೆ ಹ್ಯಾಮರ್ ತಾನೇ ಹೋಗುತ್ತದೆ ಎಂಬುದು ಪೂರ್ತಿ ನಿಜವಲ್ಲ. ಕೈಯಿಂದ ಬಿಡುವ ನಳಗಳಲ್ಲಿ ವೇಗ ತಗ್ಗುತ್ತದೆ, ನಿಜ. ಆದರೆ ವಾಷಿಂಗ್ ಮೆಷಿನ್ ತನ್ನ ಹರಿವನ್ನು ಬಹುಮಟ್ಟಿಗೆ ತಾನೇ ಹಿಡಿದಿಡುತ್ತದೆ. ಅಲ್ಲಿ ತಳದ ಒತ್ತಡ ಇಳಿಯುತ್ತದೆ, ಮೇಲಿನ 6 ಬಾರ್ ಏಟು ಹಾಗೇ ಇರುತ್ತದೆ. ಆದ್ದರಿಂದ ಮೆಷಿನ್ ಇರುವ ಜಾಗಕ್ಕೆ ಅರೆಸ್ಟರ್ ಬೇಕು. ಪ್ರತಿ ನಳಕ್ಕೂ ಬೇಡ.

ಅಳತೆಗೆ ಪಿಡಿಐ ಎಂಬ ಅಮೆರಿಕದ ಸಂಸ್ಥೆಯ ಮಾನದಂಡದ ಅಕ್ಷರಗಳು ಬಳಕೆಯಲ್ಲಿವೆ. 1ರಿಂದ 11 ಫಿಕ್ಸ್ಚರ್ ಯುನಿಟ್ ತನಕ 'ಎ', 12ರಿಂದ 32ರ ತನಕ 'ಬಿ', ಹೀಗೆ 'ಎಫ್' ತನಕ ಹೋಗುತ್ತದೆ. ಒಂದು ಮೆಷಿನ್‌ಗೆ 'ಎ' ಸಾಕು. ಪೈಪಿನ ಒತ್ತಡ 4.5 ಬಾರ್ ಮೀರಿದ್ದರೆ ಒಂದು ಅಳತೆ ದೊಡ್ಡದು ಬೇಕು. ಪಿಆರ್‌ವಿಯನ್ನು ಮೊದಲು ಸರಿಪಡಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ. ಕೂರಿಸುವ ಜಾಗ ಮೆಷಿನ್ ನಳದಿಂದ ಸುಮಾರು 2 ಮೀಟರ್ ಒಳಗೆ. ಡಕ್ಟ್‌ನ ತಲೆಯಲ್ಲಿ ಒಂದು ದೊಡ್ಡದು ಹಾಕಿ ಆರು ಮನೆಗೂ ಆಯಿತು ಎನ್ನುವುದು ನಡೆಯುವುದಿಲ್ಲ, ಏಟು ಅಲ್ಲಿಗೆ ಮುಟ್ಟುವ ಮೊದಲೇ ಮನೆಯೊಳಗಿನ ಜಾಯಿಂಟ್‌ಗೆ ಬಿದ್ದಿರುತ್ತದೆ. ಟೈಲ್ಸ್ ಒಳಗೆ ಮುಚ್ಚಬೇಡಿ. ಸೀಲ್ ಒಂದು ದಿನ ಸವೆಯುತ್ತದೆ, ಆಗ ಬಿಚ್ಚಲು ಕೈ ಹೋಗಬೇಕು.

ಎಲ್ಲಿ ಕೈ ಹಾಕಬಾರದು

ಪಿಆರ್‌ವಿ ಬಿಚ್ಚುವ ಮೊದಲು ನೀರು ಬರುವ ಕಡೆಯ ವಾಲ್ವ್ ಬಂದ್ ಮಾಡಿ, ಕೆಳಗಿನ ನಳ ಬಿಟ್ಟು ಒತ್ತಡ ಇಳಿಸಿ, ಗೇಜ್ ಸೊನ್ನೆಗೆ ಬಂದದ್ದು ನೋಡಿ, ಇನ್ನೊಂದು ಕಡೆಯ ವಾಲ್ವ್ ಕೂಡ ಬಂದ್ ಮಾಡಿ. ಆಮೇಲೆ ಮೇಲಿನ ಸ್ಕ್ರೂ ಪೂರ್ತಿ ಸಡಿಲಿಸಿ. ಒಳಗೆ ಸ್ಪ್ರಿಂಗ್ ಬಿಗಿಯಾಗಿರುವಾಗ ಮುಚ್ಚಳ ತೆಗೆದರೆ ಮುಖಕ್ಕೇ ಹಾರುತ್ತದೆ. ಕೆಳಗಿನ ಮನೆಗಳ ಗೀಸರ್ ಸ್ವಿಚ್ ಆಫ್ ಮಾಡಿಸಿಯೇ ಲೈನ್ ಬಂದ್ ಮಾಡಿ.

ಎಷ್ಟೋ ಡಕ್ಟ್‌ಗಳಲ್ಲಿ ಪ್ರತಿ ಮಹಡಿಗೆ ನೆಲ ಇರುವುದಿಲ್ಲ. ಆರನೇ ಮಹಡಿಯ ಕಿಟಕಿಯಿಂದ ಬಗ್ಗಿ ಕೈಚಾಚುವುದು ಯಾವ ವಾಲ್ವ್‌ಗೂ ಬೆಲೆಬಾಳದ ಕೆಲಸ. ಹಗ್ಗ, ಬೆಲ್ಟ್, ನಿಲ್ಲಲು ಗಟ್ಟಿ ಹಲಗೆ ಇದ್ದು, ಅದರಲ್ಲಿ ಪಳಗಿದವರು ಬರುವ ತನಕ ಕಾಯಿರಿ. ಅದೇ ಡಕ್ಟ್‌ನಲ್ಲಿ ವೈರ್ ಹೋಗಿದ್ದು, ಪೈಪು ಸೋರುತ್ತಿದ್ದರೆ ಮೊದಲು ಕರೆಂಟ್ ತೆಗೆಸಿ.

ಸಿಪಿವಿಸಿ ಟೀ ಅಥವಾ ಎಲ್ಬೋ ಬಳಿ ಕೂದಲೆಳೆ ಬಿರುಕು ಕಂಡರೆ, ಬಿಸಿನೀರಿನ ಪೈಪು ಉಬ್ಬಿದ್ದರೆ, ಗೀಸರ್ ಸೇಫ್ಟಿ ವಾಲ್ವ್‌ನಿಂದ ಹಬೆ ಬಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ತಣ್ಣಗಿರುವಾಗ 27 ಬಾರ್ ತಡೆಯುವ ಎಸ್‌ಡಿಆರ್ 11 ದಪ್ಪದ ಸಿಪಿವಿಸಿ ಪೈಪು 82 ಡಿಗ್ರಿ ಬಿಸಿಯಲ್ಲಿ 7 ಬಾರ್ ಕೂಡ ತಡೆಯುವುದಿಲ್ಲ. ತಣ್ಣೀರಿನ ಲೈನಿನಲ್ಲಿ ಬರೀ ಸಪ್ಪಳ ಎನಿಸುವ ಏಟು ಅಲ್ಲಿ ಪೈಪನ್ನೇ ಸೀಳಬಲ್ಲದು. ಗೀಸರ್ ಆಫ್ ಮಾಡಿ, ಆ ಮನೆಯ ಲೈನ್ ಬಂದ್ ಮಾಡಿ, ಲೈಸೆನ್ಸ್ ಇರುವ ಪ್ಲಂಬರ್ ಕರೆಸಿ. ಬಂದವರಿಗೆ ನಿಮ್ಮ ಎರಡು ಅಂಕಿಗಳನ್ನೂ ರಾತ್ರಿಯ ಗೇಜ್ ಅಂಕಿಯನ್ನೂ ಬರೆದ ಚೀಟಿ ಕೊಡಿ.